ತೊಗರಿ ಬೆಳೆಗಾರರ ಸಂಘದ ಬಜೆಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ ಕಡೆಯ ರೈತ ಉತ್ಪಾದಕರ ಸಂಘಗಳವರು ಬಜೆಟ್ ಬರೆಯುವಾಗ ಕೇಳುವ ಪ್ರಶ್ನೆಗಳು ಇವು. ಸಂಘ ಸಹಕಾರಿ ಕಾಯ್ದೆಯಡಿ ಇರಲಿ, ಉತ್ಪಾದಕರ ಕಂಪನಿಯಾಗಿರಲಿ, ದುಡ್ಡು ಓಡಾಡುವ ರೀತಿ ಒಂದೇ. ಉತ್ತರಗಳಿಗೆಲ್ಲ ಒಂದೇ ಸಂಘವನ್ನು ಲೆಕ್ಕಕ್ಕೆ ಇಟ್ಟುಕೊಂಡಿದ್ದೇನೆ. ಅದು ಕಾಲ್ಪನಿಕ ಸಂಘ. ಅಂಕಿಗಳನ್ನು ಲೆಕ್ಕ ಸುಲಭವಾಗಲಿ ಅಂತ ಆರಿಸಿದ್ದೇನೆ, ನಿಮ್ಮ ಊರಿನ ದರ ಹಾಕಿಕೊಂಡು ತಿದ್ದಿಕೊಳ್ಳಿ.

ನಮ್ಮ ಸಂಘಕ್ಕೆ ವರ್ಷದ ಕೊನೆಗೆ ಲಾಭ ಇದೆ. ಆದರೆ ಜನವರಿಯಲ್ಲಿ ಖಾತೆಯಲ್ಲಿ ದುಡ್ಡೇ ಇರುವುದಿಲ್ಲ. ಯಾಕೆ?

ವರ್ಷದ ಲಾಭ ನಷ್ಟದ ಪಟ್ಟಿಯನ್ನೇ ಬಜೆಟ್ ಅಂದುಕೊಂಡಿರುವುದರಿಂದ. ತೊಗರಿ ಮಳೆ ನಂಬಿದ ಬೆಳೆ. ಜೂನ್, ಜುಲೈಯಲ್ಲಿ ಬಿತ್ತನೆ, ಡಿಸೆಂಬರ್, ಜನವರಿಯಲ್ಲಿ ರಾಶಿ. ಬೀಜ, ಗೊಬ್ಬರಕ್ಕೆ ಮೇ ತಿಂಗಳಲ್ಲೇ ದುಡ್ಡು ಕಟ್ಟಬೇಕು. ಆ ದುಡ್ಡು ಪೂರ್ತಿ ವಾಪಸ್ ಬರುವುದು ಮುಂದಿನ ಫೆಬ್ರವರಿ, ಮಾರ್ಚ್‌ಗೆ. ನಡುವಿನ ತಿಂಗಳುಗಳಲ್ಲಿ ಏನಾಗುತ್ತದೆ ಅನ್ನುವುದು ವಾರ್ಷಿಕ ಪಟ್ಟಿಯಲ್ಲಿ ಕಾಣುವುದೇ ಇಲ್ಲ.

ಅದಕ್ಕೇ ನಮಗೆ ಬೇಕಾದದ್ದು ತಿಂಗಳವಾರು ನಗದು ಬಜೆಟ್. ಅದರಲ್ಲಿ ಒಂದೇ ನಿಯಮ: ಮಾರಿದ ದಿನ ಬರೆಯಬೇಡಿ, ದುಡ್ಡು ಕೈಗೆ ಬಂದ ತಿಂಗಳು ಬರೆಯಿರಿ. ಖರ್ಚೂ ಹಾಗೇ.

ಒಂದು ಉದಾಹರಣೆ ಹಾಕಿ ತೋರಿಸಿ.

ಸಂಘದಲ್ಲಿ 300 ಸದಸ್ಯರು. ತಲಾ 2,000 ರೂಪಾಯಿ ಷೇರು, ಒಟ್ಟು 6 ಲಕ್ಷ. ಹಿಂದಿನ ಉಳಿಕೆ 2 ಲಕ್ಷ. ಅಂದರೆ ಏಪ್ರಿಲ್ 1ಕ್ಕೆ ಕೈಯಲ್ಲಿ 8 ಲಕ್ಷ.

ಬೀಜ, ಗೊಬ್ಬರಕ್ಕೆ ಮೇ ತಿಂಗಳಲ್ಲಿ 10 ಲಕ್ಷ, ಜೂನ್‌ನಲ್ಲಿ 10 ಲಕ್ಷ. ಹೂ ಬಿಡುವ ಹೊತ್ತಿಗೆ ಕಾಯಿಕೊರಕದ ಔಷಧಿಗೆ ಅಕ್ಟೋಬರ್‌ನಲ್ಲಿ 6 ಲಕ್ಷ. ಈ 26 ಲಕ್ಷದ ಮಾಲನ್ನು ಸಂಘ 28 ಲಕ್ಷಕ್ಕೆ ಮಾರುತ್ತದೆ. ಆದರೆ ಅರ್ಧ ನಗದು, ಅರ್ಧ ಉದ್ರಿ. ಉದ್ರಿ ವಸೂಲಾಗುವುದು ರಾಶಿ ಆದ ಮೇಲೆ. ಮಾರ್ಚ್ ಮುಗಿದರೂ 50 ಸಾವಿರ ಬಾಕಿ ಉಳಿಯುತ್ತದೆ ಅಂದುಕೊಳ್ಳೋಣ.

ಆಮೇಲೆ ತೊಗರಿ. 1,500 ಕ್ವಿಂಟಲ್ ಖರೀದಿ: ಡಿಸೆಂಬರ್‌ನಲ್ಲಿ 300, ಜನವರಿಯಲ್ಲಿ 750, ಫೆಬ್ರವರಿಯಲ್ಲಿ 450. ರೈತರಿಗೆ ಕೊಡುವುದು 7,500. ಚೀಲ, ಹಮಾಲಿ, ಜರಡಿ, ಲಾರಿ ಬಾಡಿಗೆ ಸೇರಿ ಕ್ವಿಂಟಲ್‌ಗೆ 200. ದಾಲ್ ಮಿಲ್‌ಗೆ ಮಾರುವುದು 8,000ಕ್ಕೆ. ದುಡ್ಡು ಬರುವುದು ಒಂದು ತಿಂಗಳ ನಂತರ.

ಸಂಬಳ, ಬಾಡಿಗೆ, ಕರೆಂಟು ಸೇರಿ ತಿಂಗಳಿಗೆ 40 ಸಾವಿರ. ಸೆಪ್ಟೆಂಬರ್‌ನಲ್ಲಿ ಆಡಿಟ್, ಲೈಸೆನ್ಸ್, ಸರ್ವಸದಸ್ಯರ ಸಭೆಗೆ 60 ಸಾವಿರ.

ಅಂಕಿಗಳೆಲ್ಲ ಲಕ್ಷ ರೂಪಾಯಿಗಳಲ್ಲಿ:

| ತಿಂಗಳು | ಬಂದದ್ದು | ಹೋದದ್ದು | ತಿಂಗಳ ಕೊನೆಗೆ |
|---|---|---|---|
| ಏಪ್ರಿಲ್ | 0 | 0.40 | 7.60 |
| ಮೇ | 0 | 10.40 | −2.80 |
| ಜೂನ್ | 5.00 | 10.40 | −8.20 |
| ಜುಲೈ | 5.70 | 0.40 | −2.90 |
| ಆಗಸ್ಟ್ | 0 | 0.40 | −3.30 |
| ಸೆಪ್ಟೆಂಬರ್ | 0 | 1.00 | −4.30 |
| ಅಕ್ಟೋಬರ್ | 1.50 | 6.40 | −9.20 |
| ನವೆಂಬರ್ | 1.80 | 0.40 | −7.80 |
| ಡಿಸೆಂಬರ್ | 0 | 23.50 | −31.30 |
| ಜನವರಿ | 31.00 | 58.15 | −58.45 |
| ಫೆಬ್ರವರಿ | 65.00 | 35.05 | −28.50 |
| ಮಾರ್ಚ್ | 37.50 | 0.40 | 8.60 |

ಮಾರ್ಚ್ ಕೊನೆಗೆ 8.60 ಲಕ್ಷ, ಬರಬೇಕಾದ ಉದ್ರಿ 50 ಸಾವಿರ. ಶುರುವಿನಲ್ಲಿ 8 ಲಕ್ಷ ಇತ್ತು. ಲಾಭ 1.10 ಲಕ್ಷ. ಸಭೆಯಲ್ಲಿ ಚಪ್ಪಾಳೆ ಬೀಳುವುದು ಈ ಸಾಲಿಗೆ. ಆದರೆ ನೋಡಬೇಕಾದ ಸಾಲು ಜನವರಿಯದು. ಅಲ್ಲಿ ಸಂಘಕ್ಕೆ 58.45 ಲಕ್ಷ ಸಾಲ ಬೇಕು.

ಹಾಗಾದರೆ ಲಾಭ ಇದೆ ತಾನೆ? ಸಾಲ ಮಾಡಿದರೆ ಆಯಿತಲ್ವಾ?

ಮೇಲಿನ ಪಟ್ಟಿಯಲ್ಲಿ ಬಡ್ಡಿ ಹಾಕಿಲ್ಲ. ಬೇಕಂತಲೇ ಬಿಟ್ಟೆ, ಯಾಕೆಂದರೆ ಹೆಚ್ಚಿನ ಸಂಘಗಳ ಬಜೆಟ್‌ನಲ್ಲೂ ಅದು ಇರುವುದಿಲ್ಲ.

ಈಗ ಹಾಕೋಣ. ವರ್ಷಕ್ಕೆ ಶೇ 12 ಅಂದರೆ ತಿಂಗಳಿಗೆ ನೂರಕ್ಕೆ 1 ರೂಪಾಯಿ. ಕಡೇ ಕಾಲಮ್ಮಿನಲ್ಲಿ ಮೈನಸ್ ಇರುವ ಹತ್ತು ತಿಂಗಳನ್ನು ಕೂಡಿ: 156.75 ಲಕ್ಷ. ಅದರ ನೂರರಲ್ಲಿ ಒಂದು ಪಾಲು ಸುಮಾರು 1.57 ಲಕ್ಷ. ಲಾಭ ಇದ್ದದ್ದು 1.10 ಲಕ್ಷ. ಅಂದರೆ ಈ ಸಂಘಕ್ಕೆ 47 ಸಾವಿರ ನಷ್ಟ. ಬಡ್ಡಿಯ ಮೇಲಿನ ಬಡ್ಡಿಯನ್ನು ನಾನು ಹಿಡಿದೇ ಇಲ್ಲ.

ತೊಗರಿ ಚೆನ್ನಾಗಿ ಬಂತು, ಮಿಲ್‌ನವರು ಮೋಸ ಮಾಡಲಿಲ್ಲ, ಯಾರೂ ಕದಿಯಲಿಲ್ಲ. ದುಡ್ಡು ತಡವಾಗಿ ಬಂತು, ಅಷ್ಟೇ.

ಬ್ಯಾಂಕಿನವರು 58 ಲಕ್ಷ ಕೊಡುತ್ತಾರಾ?

ಕೊಟ್ಟರೂ ಪೂರ್ತಿ ತೆಗೆಯಲು ಬಿಡುವುದಿಲ್ಲ. ದುಡಿಯುವ ಬಂಡವಾಳಕ್ಕೆ ಬ್ಯಾಂಕುಗಳು ಕೊಡುವುದು ಹೆಚ್ಚಾಗಿ ಸಿಸಿ ಖಾತೆ, ಅಂದರೆ ಒಂದು ಮಿತಿಯೊಳಗೆ ಬೇಕಾದಾಗ ತೆಗೆದು, ಬಂದಾಗ ಕಟ್ಟುವ ಕ್ಯಾಶ್ ಕ್ರೆಡಿಟ್ ಸಾಲ. ಮಿತಿ ಎಷ್ಟೇ ಇರಲಿ, ಆ ತಿಂಗಳ ದಾಸ್ತಾನು ಮತ್ತು ಬರಬೇಕಾದ ಬಾಕಿ ಎಷ್ಟಿದೆ ನೋಡಿ, ಅದರಲ್ಲಿ ಒಂದು ಪಾಲು ಕಳೆದು ಉಳಿದಷ್ಟನ್ನೇ ತೆಗೆಯಬಹುದು. ಆ ಕಳೆಯುವ ಪಾಲು ಶೇ 25 ಅಂತ ಇಟ್ಟುಕೊಳ್ಳೋಣ.

ನಮ್ಮ ಸಂಘಕ್ಕೆ ಜನವರಿ ಕೊನೆಗೆ ಮಿಲ್‌ನಿಂದ ಬರಬೇಕಾದದ್ದು 60 ಲಕ್ಷ. ಅದರ ಮುಕ್ಕಾಲು 45 ಲಕ್ಷ. ರೈತರ ಉದ್ರಿಯನ್ನು ಬ್ಯಾಂಕು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ ಅಂತ ನಂಬಿಕೊಂಡು ಕೂರಬೇಡಿ. ಬೇಕಾದದ್ದು 58.45, ಸಿಗುವುದು 45. ಇನ್ನೂ 13 ಲಕ್ಷಕ್ಕಿಂತ ಜಾಸ್ತಿ ಕೊರತೆ. ಜನವರಿ ಮೂರನೇ ವಾರದಲ್ಲಿ "ಇವತ್ತು ಖರೀದಿ ಬಂದ್" ಅಂತ ಬೋರ್ಡು ಹಾಕುವ ಸಂಘಗಳ ಕಥೆ ಇದೇ. ರೈತ ಚೀಲ ಎತ್ತಿಕೊಂಡು ಅಡತಿ ಅಂಗಡಿಗೆ ಹೋಗುತ್ತಾನೆ. ಮುಂದಿನ ವರ್ಷ ನಮ್ಮ ಕಡೆ ತಿರುಗಿಯೂ ನೋಡುವುದಿಲ್ಲ.

ಇನ್ನೊಂದು ಮಾತು. ತಿಂಗಳ ಕೊನೆಯ ಅಂಕಿ ತಿಂಗಳ ನಡುವಿನ ತಳವನ್ನು ಮುಚ್ಚಿಡುತ್ತದೆ. ರೈತರಿಗೆ 5ನೇ ತಾರೀಕಿಗೆ ಕೊಟ್ಟು, ಮಿಲ್‌ನಿಂದ 28ಕ್ಕೆ ಬಂದರೆ ನಡುವಿನ ಮೂರು ವಾರ ಪಟ್ಟಿಯಲ್ಲಿ ಕಾಣುವುದಿಲ್ಲ. ಅದಕ್ಕೇ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ವಾರಕ್ಕೊಂದು ಸಾಲು ಹಾಕಿ. ಉಳಿದ ತಿಂಗಳಿಗೆ ಒಂದೊಂದೇ ಸಾಲು ಸಾಕು.

ಮಿಲ್‌ನವರ ಹತ್ತಿರ ಏನು ಚೌಕಾಸಿ ಮಾಡಬೇಕು?

ಬೆಲೆಗಿಂತ ಮೊದಲು ದಿನ. ಒಂದು ತಿಂಗಳ ಬದಲು 15 ದಿನಕ್ಕೆ ದುಡ್ಡು ಬಂತು ಅನ್ನಿ. ಆಯಾ ತಿಂಗಳ ಮಾರಾಟದ ಅರ್ಧ ಅದೇ ತಿಂಗಳು ಕೈಗೆ ಬರುತ್ತದೆ. ಜನವರಿಯ ತಳ 58.45ರಿಂದ 28.45ಕ್ಕೆ ಏರುತ್ತದೆ. ಬಡ್ಡಿಯಲ್ಲಿ 60 ಸಾವಿರ ಉಳಿಯುತ್ತದೆ. ಅಷ್ಟಕ್ಕೇ ನಷ್ಟ ಹೋಗಿ ಸಂಘ 13 ಸಾವಿರ ಲಾಭಕ್ಕೆ ಬಂತು.

ಕ್ವಿಂಟಲ್ ಲೆಕ್ಕದಲ್ಲಿ ಹೇಳುವುದಾದರೆ 8,000 ರೂಪಾಯಿಗೆ 15 ದಿನದ ಬಡ್ಡಿ 40 ರೂಪಾಯಿ. ಒಬ್ಬರು 30 ರೂಪಾಯಿ ಹೆಚ್ಚು ಕೊಡುತ್ತೇನೆ, ತಿಂಗಳು ತಡಿ ಅಂದರೆ, ಇನ್ನೊಬ್ಬರು 15 ದಿನಕ್ಕೆ ಕೊಡುತ್ತಾರೆ ಅಂದರೆ, ಎರಡನೆಯವರಿಗೇ ಮಾರಿ. ಈ 40ರ ಲೆಕ್ಕ ಬಾಯಿಪಾಠ ಇರಲಿ. ಮಿಲ್ ಬಾಗಿಲಲ್ಲಿ ನಿಂತಾಗ ಪೆನ್ನು ತೆಗೆಯುವ ಪುರುಸೊತ್ತು ಇರುವುದಿಲ್ಲ.

ಬೀಜ ಗೊಬ್ಬರ ಉದ್ರಿ ಕೊಡುವುದನ್ನು ನಿಲ್ಲಿಸಬೇಕಾ?

ನಿಲ್ಲಿಸಿದರೆ ಬಡ್ಡಿ ಸುಮಾರು 55 ಸಾವಿರ ಉಳಿಯುತ್ತದೆ. ಮಿಲ್‌ನ ಬಾಕಿ ಮೊದಲಿನಂತೆ ತಿಂಗಳಿಗೇ ಬಂದರೂ ಸಂಘ ನಷ್ಟದಿಂದ ಆಚೆ ಬರುತ್ತದೆ. ಆದರೆ ಪೂರ್ತಿ ನಿಲ್ಲಿಸಿ ಅಂತ ನಾನು ಹೇಳುವುದಿಲ್ಲ. ಬಿತ್ತನೆ ಹೊತ್ತಿನಲ್ಲಿ ಕೈಯಲ್ಲಿ ದುಡ್ಡಿಲ್ಲದ ರೈತನಿಗೆ ಅಡತಿಯವರು ಮುಂಗಡ ಕೊಡುತ್ತಾರೆ. ಆ ಮುಂಗಡದ ಋಣಕ್ಕೆ ತೊಗರಿಯೂ ಅಲ್ಲಿಗೇ ಹೋಗುತ್ತದೆ. ಉದ್ರಿ ಕೊಟ್ಟದ್ದಕ್ಕೇ ನಮಗೆ ಮಾಲು ಬರುತ್ತಿದೆ ಅನ್ನುವುದನ್ನು ಮರೆಯಬಾರದು.

ಆದ್ದರಿಂದ ಉದ್ರಿಗೆ ಬೆಲೆ ಕಟ್ಟಿ. ನಗದಿಗೆ ಒಂದು ದರ, ಉದ್ರಿಗೆ ತಿಂಗಳಿಗೆ ನೂರಕ್ಕೆ 1 ರೂಪಾಯಿ ಸೇರಿಸಿದ ದರ. ಜೂನ್‌ನ ಉದ್ರಿ ಜನವರಿಗೆ ತೀರಿದರೆ ಏಳು ತಿಂಗಳು, ನೂರಕ್ಕೆ 7. ಇದನ್ನು ಬಿಲ್ಲಿನ ಮೇಲೆ ಬರೆದು ಕೊಡಿ. ಗೊಬ್ಬರದಲ್ಲಿ ಮಾತ್ರ ಎಚ್ಚರ. ಡಿಎಪಿ 50 ಕಿಲೋ ಚೀಲಕ್ಕೆ 1,350, ಯೂರಿಯಾ 45 ಕಿಲೋ ಚೀಲಕ್ಕೆ 266.50 ಅಂತ ಚೀಲದ ಮೇಲೇ ಅಚ್ಚಾಗಿರುತ್ತದೆ. ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ಹಾಕುವಂತಿಲ್ಲ. ಹಾಗಾಗಿ ಗೊಬ್ಬರ ನಗದಿಗೇ ಇರಲಿ. ಉದ್ರಿ ಕೊಡುವುದಿದ್ದರೆ ಲಾಭದ ಅಂಚು ಜಾಸ್ತಿ ಇರುವ ಬೀಜ, ಔಷಧಿಗೆ ಕೊಡಿ.

ಎಷ್ಟು ಬೀಜ, ಔಷಧಿ ತರಿಸಬೇಕು ಅಂತ ಹೇಗೆ ಗೊತ್ತಾಗುತ್ತದೆ?

ಏಪ್ರಿಲ್‌ನಲ್ಲಿ ಸದಸ್ಯರಿಂದ ಎಕರೆ ಲೆಕ್ಕ ಬರೆಸಿಕೊಳ್ಳಿ, ಜೊತೆಗೆ ಚೀಲಕ್ಕೆ ಸ್ವಲ್ಪ ಮುಂಗಡ ತೆಗೆದುಕೊಳ್ಳಿ. ನೂರು ರೂಪಾಯಿಯಾದರೂ ಸರಿ. ಮುಂಗಡ ಇಲ್ಲದೆ ಬರೆಸಿದ ಪಟ್ಟಿಯನ್ನು ನಂಬಿ ತರಿಸಿದರೆ ಮಾಲು ಉಳಿಯುತ್ತದೆ. ಉಳಿದ ಗೊಬ್ಬರ ಮುಂದಿನ ಹಂಗಾಮಿಗೆ ಹೋದೀತು. ಉಳಿದ ಬೀಜದ ಮೊಳಕೆ ಕುಗ್ಗುತ್ತದೆ. ಔಷಧಿಗೆ ಅವಧಿ ಮುಗಿಯುವ ದಿನ ಇದೆ. ಆದ್ದರಿಂದ ಬೀಜ, ಔಷಧಿ ತರಿಸುವ ಮೊದಲೇ "ಉಳಿದದ್ದು ವಾಪಸ್" ಅನ್ನುವ ಮಾತನ್ನು ಕಾಗದದ ಮೇಲೆ ಬರೆಸಿಕೊಳ್ಳಿ.

ತೊಗರಿಯನ್ನು ಗೋದಾಮಿನಲ್ಲಿಟ್ಟು ಜೂನ್‌ನಲ್ಲಿ ಮಾರಿದರೆ ಲಾಭ ಜಾಸ್ತಿ ಅಲ್ವಾ?

ಆಗಬಹುದು. ಆದರೆ ಇಡುವುದಕ್ಕೆ ಎಷ್ಟು ಬೀಳುತ್ತದೆ ಅಂತ ಮೊದಲು ನೋಡೋಣ. ಗೋದಾಮಿನ ಬಾಡಿಗೆ ಕ್ವಿಂಟಲ್‌ಗೆ ತಿಂಗಳಿಗೆ 10 ರೂಪಾಯಿ ಇರಲಿ. "ಬರೀ ನಾಲ್ಕು ತಿಂಗಳಿಗೆ 40 ರೂಪಾಯಿ" ಅಂತ ಸಭೆಯಲ್ಲಿ ಯಾರಾದರೂ ಹೇಳೇ ಹೇಳುತ್ತಾರೆ. ಬಾಡಿಗೆ ಇದರಲ್ಲಿ ತೀರಾ ಚಿಕ್ಕ ಬಾಬತ್ತು.

ಒಂದು ಕ್ವಿಂಟಲ್‌ನಲ್ಲಿ ನಮ್ಮ ದುಡ್ಡು 7,700 ಕೂತಿದೆ. ಅದರ ಬಡ್ಡಿ ತಿಂಗಳಿಗೆ 77. ವಿಮೆ, ಹುಳಕ್ಕೆ ಔಷಧಿ ಅಂತ 5. ಒಟ್ಟು 92, ನಾಲ್ಕು ತಿಂಗಳಿಗೆ 368. ಇಳಿಸಿ ಏರಿಸುವ ಹೆಚ್ಚುವರಿ ಹಮಾಲಿ 30.

ಇನ್ನು ತೂಕ. ರಾಶಿ ಹೊತ್ತಿನಲ್ಲಿ ಶೇ 12 ತೇವ ಇದ್ದ ಕಾಳು ಬೇಸಿಗೆ ಬಿಸಿಲಿಗೆ ಶೇ 10ಕ್ಕೆ ಇಳಿದರೆ 100 ಕಿಲೋ ಇದ್ದದ್ದು 97.8 ಕಿಲೋ ಆಗುತ್ತದೆ. ಹೋದದ್ದು 2.2 ಕಿಲೋ, ಸುಮಾರು 170 ರೂಪಾಯಿ. ಯಾರೂ ಕದ್ದಿಲ್ಲ, ನೀರು ಆರಿದೆ. ಕಾವಲುಗಾರನ ಮೇಲೆ ಜಗಳಕ್ಕೆ ಹೋಗುವ ಮೊದಲು ತೇವ ಅಳೆಯಿರಿ. ಇಡುವಾಗ ಎಷ್ಟಿತ್ತು ಅಂತ ರಿಜಿಸ್ಟರಿನಲ್ಲಿ ಬರೆದಿಟ್ಟಿದ್ದರೆ ಮಾತ್ರ ಅದು ಪ್ರಯೋಜನಕ್ಕೆ ಬರುತ್ತದೆ.

ಎಲ್ಲ ಕೂಡಿದರೆ 568. ಫೆಬ್ರವರಿಯಲ್ಲಿ 8,000 ಸಿಗುತ್ತಿದ್ದ ತೊಗರಿಗೆ ಜೂನ್‌ನಲ್ಲಿ 8,570 ಬಂದರೆ ನಾವು ಇದ್ದಲ್ಲೇ ಇದ್ದೇವೆ. ಅದರ ಮೇಲೆ ಬಂದದ್ದು ಮಾತ್ರ ಲಾಭ. ಆಮದು ತೊಗರಿ ಬಂತು ಅಂದರೆ ಬೆಲೆ ಇಳಿಯಲೂಬಹುದು. ನನ್ನ ಅಭಿಪ್ರಾಯ ಕೇಳಿದರೆ, ಸಾಲದ ದುಡ್ಡಿನಲ್ಲಿ ಕೊಂಡ ಮಾಲನ್ನು ಬೆಲೆ ಏರುತ್ತದೆ ಅಂತ ಇಡಬೇಡಿ. ಸ್ವಂತ ಬಂಡವಾಳದ್ದಾದರೆ, ಅದೂ ಒಟ್ಟು ಮಾಲಿನ ಐದರಲ್ಲೊಂದು ಪಾಲು, ಇಟ್ಟು ನೋಡಿ.

ಗೋದಾಮಿನ ರಸೀದಿ ಮೇಲೆ ಸಾಲ ಸಿಗುತ್ತದಂತಲ್ಲ?

ಸಿಗುತ್ತದೆ. ಗೋದಾಮು ಪ್ರಾಧಿಕಾರದಲ್ಲಿ ನೋಂದಣಿ ಆದ ಗೋದಾಮಿನಲ್ಲಿಟ್ಟರೆ ಇಲೆಕ್ಟ್ರಾನಿಕ್ ರಸೀದಿ ಕೊಡುತ್ತಾರೆ. 2007ರ ಕಾಯ್ದೆಯಡಿ ಬಂದ ವ್ಯವಸ್ಥೆ ಅದು. ಅದನ್ನು ಅಡ ಇಟ್ಟು ಬ್ಯಾಂಕಿನಿಂದ ಸಾಲ ತೆಗೆಯಬಹುದು, ಆದರೆ ಮಾಲಿನ ಪೂರ್ತಿ ಬೆಲೆಗಲ್ಲ. ಊರಿನ ಯಾರದೋ ಖಾಲಿ ಶೆಡ್ಡಿನಲ್ಲಿಟ್ಟು ಚೀಟಿ ಬರೆಸಿಕೊಂಡರೆ ಈ ಸೌಲಭ್ಯ ಇಲ್ಲ. ಬಜೆಟ್‌ನಲ್ಲಿ ಆ ಸಾಲವನ್ನು ಆದಾಯ ಅಂತ ಬರೆಯಬೇಡಿ. ಬೇರೆ ಕಾಲಮ್ಮು ಹಾಕಿ, ತೀರಿಸುವ ತಿಂಗಳನ್ನೂ ಅಲ್ಲೇ ಬರೆಯಿರಿ.

ಇಟ್ಟ ಕಾಳಿಗೆ ಹುಳ ಬಿತ್ತು ಅಂತ ಹೇಗೆ ಗೊತ್ತಾಗುತ್ತದೆ?

ತೊಗರಿಗೆ ಬೀಳುವ ಕಾಳಿನ ದುಂಬಿ ಎಷ್ಟೋ ಸಲ ಹೊಲದಿಂದಲೇ ಬಂದಿರುತ್ತದೆ. ಕಾಳಿನ ಮೇಲೆ ಬಿಳಿ ಚುಕ್ಕಿಯಂಥ ಮೊಟ್ಟೆ ಕಂಡರೆ ಅದು ಶುರು. ದುಂಡಗಿನ ತೂತು ಕಂಡರೆ ತಡವಾಗಿದೆ, ಹುಳ ತಿಂದು ಆಚೆ ಹೋಗಿದೆ. ಹದಿನೈದು ದಿನಕ್ಕೊಮ್ಮೆ ಬೇರೆ ಬೇರೆ ಚೀಲಕ್ಕೆ ಬಂಬು ಚುಚ್ಚಿ ಹಿಡಿ ಕಾಳು ತೆಗೆದು ನೋಡಿ. ಚೀಲಗಳು ಮರದ ಹಲಗೆ ಮೇಲಿರಲಿ, ಗೋಡೆಗೆ ತಾಗದಿರಲಿ.

ಹುಳ ಕಂಡರೆ ತಾಡಪಾಲು ಮುಚ್ಚಿ ಅನಿಲದ ಮಾತ್ರೆ ಇಡಿಸಬೇಕು. ಅದು ಮನುಷ್ಯರನ್ನೂ ಕೊಲ್ಲುವ ವಿಷ. ಲೈಸೆನ್ಸ್ ಇರುವವರಿಂದಲೇ ಮಾಡಿಸಿ, ಅವರ ಕೂಲಿಯನ್ನು ಬಜೆಟ್‌ನಲ್ಲಿ ಮೊದಲೇ ಇಡಿ. ದುಡ್ಡು ಉಳಿಸಲು ಹಮಾಲರ ಕೈಗೆ ಮಾತ್ರೆ ಕೊಡುವ ಕೆಲಸ ಬೇಡವೇ ಬೇಡ.

ಲಾರಿ ಖರ್ಚು ಪ್ರತಿ ವರ್ಷ ಬಜೆಟ್ ಮೀರುತ್ತದೆ. ಎಲ್ಲಿ ತಪ್ಪುತ್ತಿದ್ದೇವೆ?

ಬಹುಶಃ ಕ್ವಿಂಟಲ್ ದರದಲ್ಲಿ ಬರೆಯುತ್ತಿದ್ದೀರಿ. ಲಾರಿಯವನು ಕೇಳುವುದು ಟ್ರಿಪ್ಪಿಗೆ. ಒಂದು ಟ್ರಿಪ್ಪಿಗೆ 6,000 ಅಂದರೆ 100 ಕ್ವಿಂಟಲ್ ತುಂಬಿದರೆ ಕ್ವಿಂಟಲ್‌ಗೆ 60. ಡಿಸೆಂಬರ್ ಶುರುವಿನಲ್ಲಿ ಮಾಲು ಕಡಿಮೆ, 60 ಕ್ವಿಂಟಲ್‌ಗೇ ಲಾರಿ ಕಳಿಸುತ್ತೀರಿ, ಆಗ 100 ಬೀಳುತ್ತದೆ. ಆದ್ದರಿಂದ ಬಜೆಟ್‌ನಲ್ಲಿ ಟ್ರಿಪ್ಪು ಎಣಿಸಿ, ಒಂದೆರಡು ಅರೆ ಟ್ರಿಪ್ಪು ಸೇರಿಸಿ. ಮಿಲ್ ಮುಂದೆ ಸಾಲಿನಲ್ಲಿ ರಾತ್ರಿ ಕಳೆದರೆ ಲಾರಿ ನಿಂತ ಬಾಡಿಗೆಯೂ ಇದೆ. ಅದನ್ನು ಯಾರು ಕೊಡುವುದು ಅಂತ ಮಾಲು ಹೊರಡುವ ಮೊದಲೇ ಮಾತಾಡಿ.

"ಹೋಗುವಾಗ ತೊಗರಿ, ಬರುವಾಗ ಗೊಬ್ಬರ" ಅನ್ನುವ ಉಪಾಯ ಕೇಳಲು ಚೆಂದ. ಆದರೆ ತೊಗರಿ ಹೋಗುವುದು ಜನವರಿಯಲ್ಲಿ, ಗೊಬ್ಬರ ಬೇಕಾಗುವುದು ಮೇ ತಿಂಗಳಲ್ಲಿ. ಬಜೆಟ್‌ನಲ್ಲಿ ಈ ಉಳಿತಾಯ ಬರೆಯಬೇಡಿ.

ಇನ್ನೊಂದು ಸೋರಿಕೆ ಕಾಟಾ. ನಮ್ಮ ಊರಿನ ತೂಕಕ್ಕೂ ಮಿಲ್ ಕಾಟಾಕ್ಕೂ ಲಾರಿಗೆ 50 ಕಿಲೋ ವ್ಯತ್ಯಾಸ ಬಂದರೆ ಸುಮಾರು 4,000 ರೂಪಾಯಿ ಹೋಯಿತು. ಅಂದರೆ 100 ಕ್ವಿಂಟಲ್ ಮೇಲೆ ಕ್ವಿಂಟಲ್‌ಗೆ 40. ನಾನು ಲೆಕ್ಕ ನೋಡಿದ ಒಂದು ಸಂಘದಲ್ಲಿ ಖಾಲಿ ಚೀಲದ ತೂಕವನ್ನು ರೈತರ ಲೆಕ್ಕದಲ್ಲಿ ಕಳೆಯುತ್ತಲೇ ಇರಲಿಲ್ಲ, ಮಿಲ್‌ನವರು ಮಾತ್ರ ಕಳೆಯುತ್ತಿದ್ದರು. ಆ ಹಂಗಾಮು ಮುಗಿಯುವವರೆಗೆ ಯಾರಿಗೂ ಹೊಳೆಯಲಿಲ್ಲ.

ಬೆಂಬಲ ಬೆಲೆ ಖರೀದಿ ಕೇಂದ್ರ ಸಿಕ್ಕರೆ ಬಜೆಟ್ ಬದಲಾಗುತ್ತದಾ?

ಬದಲಾಗುತ್ತದೆ. ತೊಗರಿಗೆ ಬೆಂಬಲ ಬೆಲೆ 2024-25ರಲ್ಲಿ 7,550 ಇತ್ತು, 2025-26ಕ್ಕೆ 8,000 ಆಯಿತು. ಆ ಖರೀದಿಯಲ್ಲಿ ಮಾಲಿನ ದುಡ್ಡು ನೇರ ರೈತರ ಖಾತೆಗೆ ಹೋಗುತ್ತದೆ. ಹಾಗಾಗಿ ಮಾಲಿಗೆ ಸಂಘದ ಬಂಡವಾಳ ಸಿಕ್ಕಿಕೊಳ್ಳುವುದಿಲ್ಲ. ಸಂಘಕ್ಕೆ ಉಳಿಯುವುದು ಕಮಿಷನ್. ಅದು ತಡವಾಗಿ ಬಂದೀತು, ಆದ್ದರಿಂದ ಅದನ್ನು ಮುಂದಿನ ವರ್ಷದ ಜಮೆಗೆ ಹಾಕುವುದು ಕ್ಷೇಮ. ಹಮಾಲಿ, ಚೀಲ, ಕಾವಲಿಗೆ ಕೈಯಿಂದ ಏನೇನು ಹಾಕಬೇಕಾಗುತ್ತದೆ ಅಂತ ಒಪ್ಪಂದದಲ್ಲಿ ಓದಿಕೊಳ್ಳಿ.

ಸರ್ಕಾರದ ಅನುದಾನವನ್ನು ಎಲ್ಲಿ ಬರೆಯಬೇಕು?

ಬೇರೆ ಪುಟದಲ್ಲಿ. 2020ರ ಕೇಂದ್ರ ಯೋಜನೆಯಲ್ಲಿ ಹೊಸ ಸಂಘಕ್ಕೆ ಮೂರು ವರ್ಷದಲ್ಲಿ 18 ಲಕ್ಷದವರೆಗೆ ನಿರ್ವಹಣೆ ವೆಚ್ಚ, ಸದಸ್ಯರ ಷೇರಿಗೆ ತಲಾ 2,000ದವರೆಗೆ, ಒಟ್ಟು 15 ಲಕ್ಷ ಮೀರದಂತೆ ಜೋಡಿ ಹಣ ಇತ್ತು. ಅದು ಬರುತ್ತಿದ್ದಾಗ ಸಂಬಳ ಅದರಲ್ಲೇ ಕಳೆಯಿತು, ವ್ಯಾಪಾರ ಲಾಭದಲ್ಲಿದೆ ಅನ್ನಿಸಿತು. ನಾಲ್ಕನೇ ವರ್ಷ ತಿಂಗಳಿಗೆ 40 ಸಾವಿರ ಎಲ್ಲಿಂದ ಅನ್ನುವ ಪ್ರಶ್ನೆ ಎದುರಾಯಿತು. ಅನುದಾನ ತೆಗೆದ ಬಜೆಟ್ ಒಂದನ್ನು ಮೊದಲ ವರ್ಷದಿಂದಲೇ ಬರೆಯಿರಿ.

ಬೆಳೆ ಕೈಕೊಟ್ಟರೆ?

2022ರ ಹಂಗಾಮಿನಲ್ಲಿ ನೆಟೆ ರೋಗ ಕಲಬುರಗಿ ಜಿಲ್ಲೆಯ ತೊಗರಿಯನ್ನು ಎಷ್ಟು ಒಣಗಿಸಿತು ಅಂತ ಈ ಕಡೆಯವರಿಗೆ ಹೇಳಬೇಕಿಲ್ಲ. ಅಂಥ ವರ್ಷಕ್ಕೆ ಎರಡನೇ ಪಟ್ಟಿ ಇರಬೇಕು.

ನಮ್ಮ ಉದಾಹರಣೆಯಲ್ಲಿ ವರ್ಷದ ಸ್ಥಿರ ಖರ್ಚು 5.40 ಲಕ್ಷ. ಬೀಜ ಗೊಬ್ಬರದಿಂದ 2 ಲಕ್ಷ ಬರುತ್ತದೆ. ಉಳಿದ 3.40 ಲಕ್ಷ ತೊಗರಿಯಿಂದ ಬರಬೇಕು. ಕ್ವಿಂಟಲ್‌ಗೆ ಉಳಿಯುವುದು 300. ಅಂದರೆ ಬಡ್ಡಿ ಬಿಟ್ಟೇ 1,133 ಕ್ವಿಂಟಲ್ ಬೇಕು. 900 ಮಾತ್ರ ಬಂದರೆ ಬಡ್ಡಿಗೆ ಮೊದಲೇ 70 ಸಾವಿರ ನಷ್ಟ. ಜೊತೆಗೆ ಬೆಳೆ ಹೋದ ರೈತನಿಂದ ಉದ್ರಿಯೂ ಬರುವುದಿಲ್ಲ. ಎರಡೂ ಒಟ್ಟಿಗೆ ಬೀಳುತ್ತವೆ, ಒಂದೊಂದಾಗಿ ಅಲ್ಲ.

ಅಕ್ಟೋಬರ್ ಕೊನೆಗೆ ಹೊಲ ಸುತ್ತಿ ನೋಡಿದರೆ ಬೆಳೆ ಎಷ್ಟು ಬಂದೀತು ಅನ್ನುವ ಅಂದಾಜು ಸಿಗುತ್ತದೆ. ಆ ವಾರವೇ ಬಜೆಟ್ ತಿದ್ದಿ. ಖಾಲಿ ಚೀಲಕ್ಕೆ ಆರ್ಡರ್ ಕೊಡುವುದು ಅದಾದ ಮೇಲೆ. ಮಿಲ್‌ನವರಿಗೆ "ಇಷ್ಟು ಕ್ವಿಂಟಲ್ ಕೊಡುತ್ತೇವೆ" ಅಂತ ಮಾತು ಕೊಡುವುದೂ ಅದಾದ ಮೇಲೆ.